‘ಓನರ್ ಹೀಗೆ ಮಾಡಬಹುದಾ?’: ಈ ಪ್ರಶ್ನೆಗೆ ಫಾರ್ವರ್ಡ್‌ನಲ್ಲಿ ಉತ್ತರ ಏಕೆ ಸಿಗುವುದಿಲ್ಲ?

“ಇನ್ನು ಮುಂದೆ ಮನೆ ಮಾಲೀಕರು ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಹೊಸ ಕಾನೂನು ಬಂದಿದೆ. ಎಲ್ಲರಿಗೂ ಶೇರ್ ಮಾಡಿ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಯಾರಾದರೂ ಕೇಳುತ್ತಾರೆ: “ನಮ್ಮ ಓನರ್ ಹತ್ತು ತಿಂಗಳ ಅಡ್ವಾನ್ಸ್ ತಗೊಂಡಿದ್ದಾರೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ತೀನಿ ಅಂತಾರೆ. ಹೀಗೆ ಮಾಡಬಹುದಾ?” ಒಬ್ಬರು “ಮಾಡುವಂತಿಲ್ಲ, ಕೇಸ್ ಹಾಕಿ” ಎನ್ನುತ್ತಾರೆ. ಇನ್ನೊಬ್ಬರು “ಎಲ್ಲ ಕಡೆ ಹಾಗೇ” ಎನ್ನುತ್ತಾರೆ. ಮನೆ ಎಲ್ಲಿದೆ, ಕರಾರಿನಲ್ಲಿ ಏನು ಬರೆದಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಉತ್ತರ ನಿಂತಿರುವುದು ಆ ಎರಡರ ಮೇಲೆಯೇ.

ಎರಡು ತಿಂಗಳ ಮಿತಿ ಎಲ್ಲಿಂದ ಬಂತು?

ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ‘ಮಾದರಿ ಬಾಡಿಗೆ ಕಾಯ್ದೆ’ಗೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಅದರಲ್ಲಿದೆ. ಫಾರ್ವರ್ಡ್ ಕೈಬಿಡುವುದು ‘ಮಾದರಿ’ ಎಂಬ ಪದವನ್ನು. ನಮ್ಮ ಸಂವಿಧಾನದಲ್ಲಿ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧ ರಾಜ್ಯಪಟ್ಟಿಯಲ್ಲಿರುವ ವಿಷಯ. ಕೇಂದ್ರ ಕೊಟ್ಟಿರುವುದು ಒಂದು ನಮೂನೆ ಮಾತ್ರ. ರಾಜ್ಯ ತನ್ನ ಕಾನೂನಾಗಿ ಅಳವಡಿಸಿಕೊಳ್ಳುವ ತನಕ ಅದು ಆ ರಾಜ್ಯದ ಮಾಲೀಕರನ್ನು ಕಟ್ಟಿಹಾಕುವುದಿಲ್ಲ.

ಹಾಗಾಗಿ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಉತ್ತರ ಪ್ರದೇಶ 2021ರಲ್ಲಿ ತನ್ನದೇ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿತು. ತಮಿಳುನಾಡಿನ 2017ರ ಕಾಯ್ದೆ ಹೇಳುವುದು ಮೂರು ತಿಂಗಳ ಬಾಡಿಗೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಗಡಿ ದಾಟಿ ಹೊಸೂರಿನಲ್ಲಿ ಬಾಡಿಗೆಗಿರುವ ಕನ್ನಡಿಗರಿಗೆ ತಮಿಳುನಾಡಿನ ಕಾಯ್ದೆಯೇ ಲೆಕ್ಕ, ಅತ್ತಿಬೆಲೆಯಲ್ಲಿ ಇರುವವರಿಗೆ ಕರ್ನಾಟಕದ್ದು. ನೀವು ಎಲ್ಲಿಯವರು, ಆಫೀಸ್ ಎಲ್ಲಿದೆ ಎಂಬುದು ಮುಖ್ಯವಲ್ಲ, ಮನೆ ಎಲ್ಲಿದೆ ಎಂಬುದು ಮುಖ್ಯ.

ಕರ್ನಾಟಕದಲ್ಲಿ ಯಾವ ಕಾನೂನು?

ಇಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಅದು ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗಳನ್ನು ಅದು ಹೊರಗಿಟ್ಟಿದೆ. ಈ ಮೊತ್ತವನ್ನು ಕಾಯ್ದೆಯದೇ ಲೆಕ್ಕದಲ್ಲಿ ನೋಡಬೇಕಾಗುತ್ತದೆ. ಆದ್ದರಿಂದ ದಶಕಗಳಿಂದ ಒಂದೇ ಮನೆಯಲ್ಲಿರುವ ಹಳೆಯ ಬಾಡಿಗೆದಾರರು ವಕೀಲರನ್ನು ಕೇಳಿಯೇ ತೀರ್ಮಾನಿಸುವುದು ಒಳ್ಳೆಯದು. ಇಂದು ಹದಿನೈದು ಸಾವಿರ ಕೊಟ್ಟು ಫ್ಲ್ಯಾಟ್ ಹಿಡಿಯುವವರು ಸಾಮಾನ್ಯವಾಗಿ ಈ ಕಾಯ್ದೆಯ ಹೊರಗಿರುತ್ತಾರೆ.

ಹೊರಗಿದ್ದರೆ ಕಾನೂನೇ ಇಲ್ಲ ಎಂದಲ್ಲ. ಅವರಿಗೆ ತಾವು ಸಹಿ ಹಾಕಿದ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತವೆ. ಆ ಕಾಯ್ದೆಯಲ್ಲಿ ಅಡ್ವಾನ್ಸ್‌ಗೆ ಮಿತಿ ಇಲ್ಲ. ಹಾಗಾಗಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಅದು ಅಪರಾಧ ಆಗುವುದಿಲ್ಲ. ಅದು ಚೌಕಾಶಿ ಮಾಡಬೇಕಾದ ವಿಷಯ.

ಪೇಂಟಿಂಗ್ ಹಣ: ಒಂದೇ ಮನೆ, ಮೂರು ಉತ್ತರ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಒಂದು ಮನೆ. ಬಾಡಿಗೆ 15,000, ಅಡ್ವಾನ್ಸ್ 1,50,000. ಮೂರು ವರ್ಷ ಇದ್ದು ಖಾಲಿ ಮಾಡುವಾಗ ಮಾಲೀಕರು 15,000 ಹಿಡಿದುಕೊಂಡು 1,35,000 ಕೊಡುತ್ತೇನೆ ಎನ್ನುತ್ತಾರೆ.

ಮೊದಲ ಸನ್ನಿವೇಶ: “ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳಲಾಗುವುದು” ಎಂದು ಕರಾರಿನಲ್ಲಿದೆ, ನೀವು ಸಹಿ ಹಾಕಿದ್ದೀರಿ. ಆಗ ಮಾಲೀಕರ ಮಾತಿಗೆ ಆಧಾರವಿದೆ. ಫಾರ್ವರ್ಡ್ ತೋರಿಸಿ ವಾದಿಸಿದರೆ ಪ್ರಯೋಜನವಾಗುವುದು ಕಷ್ಟ.

ಎರಡನೆಯದು: ಕರಾರಿನಲ್ಲಿ ಪೇಂಟಿಂಗ್ ಬಗ್ಗೆ ಒಂದು ಸಾಲೂ ಇಲ್ಲ. ಆಗ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನಿಮ್ಮ ನೆರವಿಗೆ ಬರುತ್ತದೆ. ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜವಾದ ಸವೆತಕ್ಕೆ ಅವರು ಹೊಣೆಯಲ್ಲ ಎಂಬುದು ಅದರ ಸಾರ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವೆತ. ಆದರೆ ಈ ಕಲಂ ಶುರುವಾಗುವುದೇ ‘ಬೇರೆ ಒಪ್ಪಂದ ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ’ ಎಂಬ ಷರತ್ತಿನಿಂದ. “ಈ ಊರಲ್ಲಿ ಇದೇ ರೂಢಿ” ಎಂದು ಮಾಲೀಕರು ವಾದಿಸಲು ದಾರಿ ಅಲ್ಲಿದೆ. ನಿಮ್ಮ ಪಕ್ಷ ಗಟ್ಟಿಯಾಗಿದೆ, ಆದರೆ ಗೆಲುವು ಖಚಿತವಲ್ಲ.

ಮೂರನೆಯದು: ಕರಾರಿನಲ್ಲಿ ಏನೂ ಇಲ್ಲ, ಆದರೆ ಮಕ್ಕಳು ಗೋಡೆ ತುಂಬ ಬಣ್ಣದ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ, ಒಂದು ಬಾಗಿಲು ಮುರಿದಿದೆ. ಇದು ಸವೆತವಲ್ಲ, ಹಾನಿ. ರಿಪೇರಿಗೆ ತಗಲುವ ಖರ್ಚನ್ನು ಮಾಲೀಕರು ಕೇಳಬಹುದು.

ಮೂರೂ ಕಡೆ ಕೇಳಿದ್ದು ಒಂದೇ ಪ್ರಶ್ನೆ. ಮನೆಗೆ ಬಂದ ದಿನ ಗೋಡೆ, ಬಾಗಿಲು, ನಲ್ಲಿಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿಟ್ಟಿದ್ದರೆ, ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತೋರಿಸಲು ಅದೇ ಸಾಕ್ಷಿ. ಅಡ್ವಾನ್ಸ್ ಅನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕ ಕೊಟ್ಟರೆ, ಕೊಟ್ಟಿದ್ದಕ್ಕೂ ದಾಖಲೆ ಇರುತ್ತದೆ.

ಬೀಗ ಹಾಕಿದರೆ?

ಹೆಚ್ಚು ಸಂದೇಹವಿಲ್ಲದೆ ಉತ್ತರಿಸಬಹುದಾದ ಪ್ರಶ್ನೆಯೂ ಒಂದಿದೆ. ಬಾಡಿಗೆ ಬಾಕಿ ಇದೆ ಎಂದು, ಅಥವಾ ಕರಾರಿನ 11 ತಿಂಗಳು ಮುಗಿಯಿತು ಎಂದು ಮಾಲೀಕರು ನೀವಿಲ್ಲದಾಗ ಬೀಗ ಬದಲಿಸಿ, ಸಾಮಾನು ಹೊರಗಿಡುವಂತಿಲ್ಲ. ತಿಂಗಳ ಬಾಡಿಗೆಯ ಮನೆಗೆ, ಬೇರೆ ಒಪ್ಪಂದವಿಲ್ಲದಿದ್ದರೆ, 15 ದಿನಗಳ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು. ಆದರೆ ಅದಾದ ಮೇಲೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೆ ಹೋಗಬೇಕು, ತಾವೇ ಹೊರದಬ್ಬುವಂತಿಲ್ಲ.

ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಮನೆಯನ್ನು ಮರಳಿ ಪಡೆಯಲು ದಾವೆ ಹೂಡಬಹುದು. ಮನೆ ಯಾರದ್ದು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ, ಕಾನೂನಿನ ಕ್ರಮ ಬಿಟ್ಟು ಹೊರಹಾಕಿದರೇ ಎಂಬುದಷ್ಟೇ ಪ್ರಶ್ನೆ. ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. “ನೋಡೋಣ, ಮಾತಾಡೋಣ” ಎಂದು ಆ ಗಡುವು ಕಳೆದುಕೊಳ್ಳಬೇಡಿ.

ಇಲ್ಲೂ ಒಂದು ಸಂಗತಿ ಲೆಕ್ಕ ಬದಲಿಸುತ್ತದೆ. ಪಿ.ಜಿ.ಯಲ್ಲಿ ಹಾಸಿಗೆ ಹಿಡಿದವರನ್ನು ಕಾನೂನು ಸಾಮಾನ್ಯವಾಗಿ ಬಾಡಿಗೆದಾರರೆಂದು ನೋಡುವುದಿಲ್ಲ, ತಂಗಲು ಅನುಮತಿ ಪಡೆದವರೆಂದು ನೋಡುತ್ತದೆ. ಅವರಿಗೆ ಇದೇ ರಕ್ಷಣೆ ಇದೆ ಎಂದು ಹೇಳಲಾಗದು.

ಕೇಳುವ ಮುನ್ನ ಬರೆದುಕೊಳ್ಳಿ

ಮುಂದಿನ ಬಾರಿ “ಓನರ್ ಹೀಗೆ ಮಾಡಬಹುದಾ” ಎಂದು ಕೇಳುವಾಗ ನಾಲ್ಕು ವಿಷಯ ಜೊತೆಗಿಡಿ: ಮನೆ ಯಾವ ರಾಜ್ಯದ ಯಾವ ಊರಲ್ಲಿದೆ, ಅದು ಬಾಡಿಗೆಯೋ ಲೀಸೋ ಪಿ.ಜಿ.ಯೋ, ಕರಾರಿನ ಆ ಸಾಲು ಇದ್ದ ಹಾಗೇ ಏನು ಹೇಳುತ್ತದೆ, ಯಾವ ದಿನ ಏನಾಯಿತು. ವಕೀಲರು ಮೊದಲು ಕೇಳುವುದೂ ಇವನ್ನೇ. ವಕೀಲರಿಗೆ ಹಣ ಕೊಡುವುದು ಕಷ್ಟವಾದರೆ 15100ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು.

ಈ ನಾಲ್ಕನ್ನೂ ಕೇಳದೆ “ಮಾಡಬಹುದು” ಅಥವಾ “ಮಾಡುವಂತಿಲ್ಲ” ಎಂದು ಹೇಳುವ ಸಂದೇಶ ಬಂದರೆ, ಫಾರ್ವರ್ಡ್ ಒತ್ತುವ ಮೊದಲು ಒಂದು ಪ್ರಶ್ನೆ ಹಾಕಿ: “ಇದು ಯಾವ ರಾಜ್ಯದ ಕಾನೂನು?”