ಗೊರಕೆ ನಿಂತ ಆ ಇಪ್ಪತ್ತು ಸೆಕೆಂಡು

ಭಾನುವಾರ ಹಾಸ್ಟೆಲ್‌ನಲ್ಲಿ ಹನ್ನೊಂದು ಗಂಟೆಗೆ ಎದ್ದವರಿಗೆಲ್ಲ ಈ ಅನುಭವ ಆಗಿರುತ್ತೆ. ಹತ್ತು ಗಂಟೆ ನಿದ್ದೆ ಮಾಡಿದ್ರೂ ತಲೆ ಭಾರ. ಇಂಟರ್ನಲ್ಸ್ ಹಿಂದಿನ ರಾತ್ರಿ ಮೂರೇ ಗಂಟೆ ಮಲಗಿದಾಗಲೂ ಅದೇ ತಲೆನೋವು. ಕಡಿಮೆ ಮಲಗಿದ್ರೂ ನೋವು, ಜಾಸ್ತಿ ಮಲಗಿದ್ರೂ ನೋವು. ಇದ್ಯಾಕೆ ಹೀಗೆ ಅಂತ ನಾನು ಓದೋಕೆ ಶುರು ಮಾಡಿದ್ದು ನನಗೋಸ್ಕರ ಅಲ್ಲ, ನಮ್ಮ ಮಾವನಿಗೋಸ್ಕರ.

ಅಮ್ಮನ ತವರು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಪಕ್ಕದ ಹಳ್ಳಿ. ಸುತ್ತ ಹುಲ್ಲುಗಾವಲು, ರಾತ್ರಿ ಒಂದು ಸದ್ದಿಲ್ಲ. ಹಾಗಾಗಿ ಮಾವನ ಗೊರಕೆ ಮೂರನೇ ಮನೆಗೂ ಕೇಳುತ್ತೆ. ಮಾವನಿಗೆ 46 ವರ್ಷ, ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹೊರೋ ಲಾರಿ ಓಡಿಸ್ತಾರೆ. ದಿನಾ ಬೆಳಿಗ್ಗೆ ಹಣೆಯ ಎರಡೂ ಕಡೆ ಒತ್ತಿ ಹಿಡಿದಂಗೆ ನೋವು, ಟೀ ಜೊತೆ ಒಂದು ಮಾತ್ರೆ. ಹತ್ತು ಗಂಟೆ ಹೊತ್ತಿಗೆ ಸರಿಹೋಗ್ತಿತ್ತು. ಲಾರಿ ಕೆಲಸ, ನಿದ್ದೆ ಸಾಲಲ್ಲ ಅಂತ ಎಲ್ರೂ ಅಂದ್ಕೊಂಡಿದ್ವಿ. ಆದರೆ ಕೆಲಸ ಇಲ್ಲದ ದಿನ ಒಂಬತ್ತು ಗಂಟೆ ಮಲಗಿದ್ರೂ ನೋವು ಹೋಗ್ತಿರಲಿಲ್ಲ. ಅಲ್ಲೇ ಸುಳಿವು ಇತ್ತು.

ಕಳೆದ ದೀಪಾವಳಿ ರಜೆಗೆ ಹೋದಾಗ ಅತ್ತೆ ಕೇಳಿದ್ರು: "ಇಂಜಿನಿಯರಿಂಗ್ ಓದ್ತೀಯಲ್ಲಪ್ಪ, ನಿಮ್ಮ ಮಾವನಿಗೆ ಗೊರಕೆ ಮಧ್ಯೆ ಉಸಿರೇ ನಿಂತೋಗುತ್ತೆ. ನಾನು ಅಲ್ಲಾಡಿಸ್ತೀನಿ, ಆಮೇಲೆ ಬರುತ್ತೆ. ಯಾಕೆ ಹಿಂಗೆ?" ಮಾವ ನಕ್ಕು, "ಗೊರಕೆ ಬಂದ್ರೆ ಒಳ್ಳೆ ನಿದ್ದೆ ಅಂತ ಕಣೋ" ಅಂದ್ರು.

ಅದು ಒಳ್ಳೆ ನಿದ್ದೆ ಅಲ್ಲ. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆ ತನಕದ ಗಂಟಲು ಮೆತ್ತನೆಯ ಕೊಳವೆ. ಅದನ್ನ ತೆರೆದಿಡೋಕೆ ಮೂಳೆ ಇಲ್ಲ, ಸ್ನಾಯುಗಳೇ ಹಿಡಿದಿರಬೇಕು. ನಿದ್ದೆಯಲ್ಲಿ ಅವು ಸಡಿಲ ಆಗ್ತವೆ. ಜಾಗ ಕಿರಿದಾಗಿ ಗೋಡೆ ನಡುಗಿದ್ರೆ ಅದೇ ಗೊರಕೆ. ಇನ್ನೂ ಕಿರಿದಾದ್ರೆ, ನೆನೆದ ಪೇಪರ್ ಸ್ಟ್ರಾದಲ್ಲಿ ಜೋರಾಗಿ ಎಳನೀರು ಎಳೆದಾಗ ಸ್ಟ್ರಾ ಅಂಟಿಕೊಳ್ಳುತ್ತಲ್ಲ, ಹಾಗೇ ಗಂಟಲು ಮುಚ್ಚಿಕೊಳ್ಳುತ್ತೆ. ಎದೆ ಏರಿಳಿತಾ ಇರುತ್ತೆ, ಗಾಳಿ ಮಾತ್ರ ಹೋಗಲ್ಲ. ಹತ್ತು ಸೆಕೆಂಡು ಅಥವಾ ಹೆಚ್ಚು ಹೀಗೆ ನಿಂತರೆ ಅದನ್ನ ಆಪ್ನಿಯ ಅಂತಾರೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಏರುತ್ತೆ. ಮೆದುಳು ಗಾಬರಿಬಿದ್ದು ಅರೆಕ್ಷಣ ಎಚ್ಚರಿಸುತ್ತೆ, ಗಂಟಲು ತೆರೆದು ಭುಸ್ ಅಂತ ಉಸಿರು ಬರುತ್ತೆ, ಮತ್ತೆ ನಿದ್ದೆ. ಮಲಗಿದವರಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರಲ್ಲ.

ತಲೆನೋವು ಎಲ್ಲಿಂದ? ಕಾರ್ಬನ್ ಡೈಆಕ್ಸೈಡ್ ಏರಿದಾಗ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಆಕ್ಸಿಜನ್ ಏರಿಳಿತ ಮತ್ತು ತುಂಡು ತುಂಡಾದ ನಿದ್ದೆಯೂ ಸೇರಿಕೊಳ್ಳುತ್ತವೆ. ಇದರಲ್ಲಿ ಯಾವುದರ ಪಾಲು ಎಷ್ಟು ಅನ್ನೋದು ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ಆದರೆ ಈ ನೋವಿನ ಲಕ್ಷಣ ಗೊತ್ತು: ಎದ್ದ ಕೂಡಲೇ ಇರುತ್ತೆ, ಸಾಮಾನ್ಯವಾಗಿ ಎರಡೂ ಕಡೆ ಒತ್ತಿದಂಗಿರುತ್ತೆ, ವಾಂತಿ ಬಂದಂಗೆ ಆಗಲ್ಲ, ನಾಲ್ಕು ಗಂಟೆಯೊಳಗೆ ಹೋಗುತ್ತೆ, ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಬರುತ್ತೆ. ಮಾವನದ್ದು ಅಚ್ಚು ಅದೇ.

ಅವತ್ತು ರಾತ್ರಿ ಮೊಬೈಲ್‌ನಲ್ಲಿ ರೆಕಾರ್ಡ್ ಹಾಕಿಟ್ಟೆ. ಬೆಳಿಗ್ಗೆ ಎರಡರಿಂದ ಮೂರು ಗಂಟೆವರೆಗಿನ ಭಾಗ ಕೂತು ಕೇಳಿದೆ. ಗೊರಕೆ, ದಿಢೀರ್ ಮೌನ, ಆಮೇಲೆ ಭುಸ್. ಹತ್ತು ಸೆಕೆಂಡಿಗಿಂತ ಉದ್ದದ ಮೌನ ಎಣಿಸಿದ್ರೆ 26. ಹೆಚ್ಚಿನವು ಇಪ್ಪತ್ತು ಸೆಕೆಂಡು, ಅತಿ ಉದ್ದದ್ದು 38. ಅದನ್ನ ಮಾವನಿಗೆ ಕೇಳಿಸಿದೆ. ಆ 38 ಸೆಕೆಂಡು ಅವರೂ ಉಸಿರು ಹಿಡಿದು ಕೂತಿದ್ರು. ಆಮೇಲೆ ಮೆಲ್ಲಗೆ ಹೇಳಿದ್ರು: ಹಿಂದಿನ ತಿಂಗಳು ಹಿರಿಯೂರು ರಸ್ತೆಯಲ್ಲಿ ಹಾಡುಹಗಲೇ ಕಣ್ಣು ಮುಚ್ಚಿ, ಲಾರಿ ರಸ್ತೆ ಅಂಚಿನ ಮಣ್ಣಿಗೆ ಇಳಿದಿತ್ತಂತೆ. ಅತ್ತೆಗೂ ಹೇಳಿರಲಿಲ್ಲ.

ಮೊಬೈಲ್ ರೆಕಾರ್ಡಿಂಗ್ ಸುಳಿವು ಮಾತ್ರ, ಅದು ಗಾಳಿ ಅಳೆಯಲ್ಲ. ಹಗಲಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ 97 ಬಂತು ಅಂತ ಸುಮ್ಮನಾಗೋದೂ ತಪ್ಪು, ತೊಂದರೆ ಇರೋದು ನಿದ್ದೆಯಲ್ಲಿ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದ್ವಿ. ಮೂಗಿನ ಹತ್ತಿರ ಗಾಳಿಯ ಸೆನ್ಸರ್, ಎದೆ ಹೊಟ್ಟೆಗೆ ಬೆಲ್ಟು, ಬೆರಳಿಗೆ ಆಕ್ಸಿಮೀಟರ್, ತಲೆಗೆ ವೈರು. ಮಾವ ಮಲಗಿದ್ದು ಆರೂವರೆ ಗಂಟೆ. ಉಸಿರು ಪೂರ್ತಿ ನಿಂತದ್ದು ಮತ್ತು ಗಮನಾರ್ಹವಾಗಿ ಕಡಿಮೆಯಾದದ್ದು ಸೇರಿ 182 ಸಲ. 182 ಭಾಗಿಸು 6.5, ಅಂದ್ರೆ ಗಂಟೆಗೆ 28. ಈ ಸಂಖ್ಯೆಗೆ ಎ.ಎಚ್.ಐ. ಅಂತಾರೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ರೆ ಸರಿ, 15ರವರೆಗೆ ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಮಾವನ ಆಕ್ಸಿಜನ್ ಒಂದು ಹೊತ್ತಲ್ಲಿ 82ಕ್ಕೆ ಇಳಿದಿತ್ತು.

ಡಾಕ್ಟರ್ ಕೊಟ್ಟಿದ್ದು ಸಿಪ್ಯಾಪ್ ಮಷೀನು. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ಇದು. ಮೂಗಿನ ಮಾಸ್ಕ್‌ನಿಂದ ಸ್ವಲ್ಪ ಒತ್ತಡದ ಗಾಳಿ ಒಳಗೆ ಬಿಟ್ಟು ಕೊಳವೆಯನ್ನ ತೆರೆದಿಡೋದು, ಅಷ್ಟೆ. ಮಾವನಿಗೆ ಇಟ್ಟದ್ದು 10 ಸೆಂಟಿಮೀಟರ್ ನೀರಿನ ಒತ್ತಡ, ವಾತಾವರಣದ ಒತ್ತಡದ ಸುಮಾರು ಶೇಕಡಾ ಒಂದು. ಮೊದಲ ವಾರ ಮಾಸ್ಕ್ ಕಿತ್ತು ಬಿಸಾಕಿದ್ರು, ಬಾಯಿ ಒಣಗ್ತಿತ್ತು. ಮಾಸ್ಕ್ ಅಳತೆ ಬದಲಾಯಿಸಿದ ಮೇಲೆ ಒಗ್ಗಿತು. ಮೂರನೇ ವಾರಕ್ಕೆ ಬೆಳಗಿನ ಮಾತ್ರೆ ನಿಂತಿತು. ಅದೂ ಮುಖ್ಯವೇ. ಸಾಮಾನ್ಯ ನೋವಿನ ಮಾತ್ರೆಯನ್ನ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತಗೊಂಡ್ರೆ ಮಾತ್ರೆಯೇ ತಲೆನೋವು ತರಬಹುದು.

ಈಗ ನಮ್ಮ ಭಾನುವಾರದ ತಲೆನೋವಿಗೆ ಬರೋಣ. ಅದು ಸಾಮಾನ್ಯವಾಗಿ ಬೇರೆ ಲೆಕ್ಕ. ನಿದ್ದೆಗೆಟ್ಟಾಗ ನೋವು ತಡೆಯೋ ಶಕ್ತಿಯೇ ಕುಗ್ಗುತ್ತೆ, ಮೈಗ್ರೇನ್ ಇದ್ದವರಿಗೆ ಅದು ಕೆರಳುತ್ತೆ. ಜಾಸ್ತಿ ಮಲಗಿದಾಗ ದೇಹದ ಗಡಿಯಾರ ಏರುಪೇರಾಗುತ್ತೆ, ಜೊತೆಗೆ ದಿನಾ ಏಳಕ್ಕೆ ಕುಡಿಯೋ ಕಾಫಿ ಹನ್ನೊಂದಕ್ಕೆ ಹೋಗುತ್ತೆ. ಕೆಫೀನ್ ತಪ್ಪಿದ್ರೂ ತಲೆನೋವು ಬರುತ್ತೆ. ಪರೀಕ್ಷೆ ಮಾಡೋದು ಸುಲಭ: ಎರಡು ವಾರ, ಭಾನುವಾರವೂ ಸೇರಿ, ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಿ, ಏಳೆಂಟು ಗಂಟೆ ನಿದ್ದೆ ಮಾಡಿ. ನೋವು ಹೋದ್ರೆ ಕಾರಣ ಟೈಮ್‌ಟೇಬಲ್. ಹೋಗದೆ ಜೊತೆಗೆ ಜೋರು ಗೊರಕೆ, ಕ್ಲಾಸಲ್ಲಿ ತೂಕಡಿಕೆ ಇದ್ರೆ ಡಾಕ್ಟರ್ ಹತ್ತಿರ ಹೋಗಿ. ದಪ್ಪಗಿರೋರಿಗೆ ಮಾತ್ರ ಬರುತ್ತೆ ಅಂತಲ್ಲ. ದವಡೆ ಚಿಕ್ಕದಿದ್ರೆ, ಟಾನ್ಸಿಲ್ ದೊಡ್ಡದಿದ್ರೆ ತೆಳ್ಳಗಿರೋರಿಗೂ ಬರುತ್ತೆ. ಇನ್ನೊಂದು, ನೋವೇ ನಿದ್ದೆಯಿಂದ ಎಬ್ಬಿಸ್ತಿದ್ರೆ, ವಾಂತಿ, ಜ್ವರ, ಕಣ್ಣು ಮಂಜು ಜೊತೆಗಿದ್ರೆ, ಅಥವಾ ಇದ್ದಕ್ಕಿದ್ದಂತೆ ಸಿಡಿದಂಗೆ ಬಂದ್ರೆ ಎರಡು ವಾರ ಕಾಯಬೇಡಿ, ಅವತ್ತೇ ತೋರಿಸಿ.

ಮಲಗಿದವನಿಗೆ ತನ್ನ ಉಸಿರು ನಿಂತದ್ದು ಗೊತ್ತಾಗಲ್ಲ. ಮಾವನ ಮನೆಯಲ್ಲಿ ಅತ್ತೆಗೆ ನಾಲ್ಕು ವರ್ಷದಿಂದ ಗೊತ್ತಿತ್ತು, ನಾವ್ಯಾರೂ ಕೇಳಿರಲಿಲ್ಲ ಅಷ್ಟೆ. ಹಾಸ್ಟೆಲ್‌ನಲ್ಲಿ ಆ ಜಾಗದಲ್ಲಿ ಇರೋದು ರೂಮ್‌ಮೇಟ್. ಪಕ್ಕದ ಮಂಚದ ಗೊರಕೆಯನ್ನ ವಿಡಿಯೋ ಮಾಡಿ ಗ್ರೂಪಿಗೆ ಹಾಕೋ ಮೊದಲು, ಮಧ್ಯೆ ಮೌನ ಬಂದಾಗ ಒಂದು ಸಲ ಸೆಕೆಂಡು ಎಣಿಸಿ. ಹತ್ತು ದಾಟಿದ್ರೆ, ಪದೇ ಪದೇ ದಾಟಿದ್ರೆ, ಆ ವಿಡಿಯೋ ಗ್ರೂಪಿಗಲ್ಲ, ಅವನಿಗೇ ತೋರಿಸಿ.