ಸತ್ಯಂ ಮಂಡಳಿ ಒಪ್ಪಿದ ಆ ವ್ಯವಹಾರ

2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ನಿರ್ದೇಶಕ ಮಂಡಳಿ ಸಭೆ ಸೇರಿತು. ಮೇಟಾಸ್ ಹೆಸರಿನ ಎರಡು ನಿರ್ಮಾಣ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾಪ ಮುಂದಿತ್ತು. ಎರಡೂ ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ಕಂಪನಿಗಳೇ. ಸಾಫ್ಟ್‌ವೇರ್ ಕಂಪನಿಗೆ ಜಮೀನಿನ ವ್ಯಾಪಾರವೇಕೆ?

ಲೆಕ್ಕ ಹಾಕಿದರೆ ಕಾರಣ ಹೊಳೆಯುತ್ತದೆ. ಆಗ ಸತ್ಯಂನಲ್ಲಿ ರಾಜು ಕುಟುಂಬದ ಪಾಲು ಶೇಕಡಾ 9ರೊಳಗಿತ್ತು. ಮೇಟಾಸ್ ಕಂಪನಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಸತ್ಯಂನಿಂದ ನೂರು ರೂಪಾಯಿ ಹೊರಹೋದರೆ ಕುಟುಂಬದ ಪಾಲಿಗೆ ಬರುವ ಹೊರೆ ಒಂಬತ್ತು ರೂಪಾಯಿಯೂ ಅಲ್ಲ, ಕೈಸೇರುವುದು ಮೂವತ್ತಕ್ಕೂ ಹೆಚ್ಚು. ದುಡ್ಡು ಒಬ್ಬರದು, ಅದನ್ನು ನಡೆಸುವ ಕೈ ಇನ್ನೊಬ್ಬರದು ಆದಾಗ ಹುಟ್ಟುವ ಈ ಹಿತಾಸಕ್ತಿಯ ತಿಕ್ಕಾಟವನ್ನೇ ಮ್ಯಾನೇಜ್‌ಮೆಂಟ್ ಶಾಸ್ತ್ರದಲ್ಲಿ ಏಜೆನ್ಸಿ ಸಮಸ್ಯೆ ಎನ್ನುತ್ತಾರೆ.

ಇದನ್ನು ತಡೆಯಲೆಂದೇ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಿರುತ್ತಾರೆ. ಸತ್ಯಂನಲ್ಲಿದ್ದವರು ಸಾಮಾನ್ಯರಲ್ಲ: ಪೆಂಟಿಯಂ ಚಿಪ್ಪಿನ ಹಿಂದಿದ್ದ ತಂತ್ರಜ್ಞ, ನಿವೃತ್ತ ಸಂಪುಟ ಕಾರ್ಯದರ್ಶಿ. ಬೆಲೆಯ ಬಗ್ಗೆ ಪ್ರಶ್ನೆಗಳೇನೋ ಬಂದವು. ಕೊನೆಗೆ ಎಲ್ಲರೂ ಒಪ್ಪಿದರು. ನ್ಯೂಯಾರ್ಕಿನಲ್ಲಿ ಸತ್ಯಂ ಬೆಲೆ ಅರ್ಧಕ್ಕಿಂತ ಕೆಳಗಿಳಿದು, ಹೂಡಿಕೆದಾರರು ತಿರುಗಿಬಿದ್ದ ಮೇಲೆ ಕಂಪನಿ ಕೆಲವೇ ಗಂಟೆಗಳಲ್ಲಿ ವ್ಯವಹಾರವನ್ನು ಕೈಬಿಟ್ಟಿತು. ಮಂಡಳಿ ಮಾಡಬೇಕಾದ ಕೆಲಸವನ್ನು ಪೇಟೆ ಮಾಡಿತು!

ಅಸಲಿ ಸಂಗತಿ ಬಯಲಾದದ್ದು 2009ರ ಜನವರಿ 7ರಂದು, ರಾಜು ಅವರ ಪತ್ರದಲ್ಲಿ. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಸುಳ್ಳು ಆಸ್ತಿಯ ಜಾಗಕ್ಕೆ ನಿಜವಾದ ಆಸ್ತಿ ತುಂಬಲು ಮೇಟಾಸ್ ಕೊನೆಯ ಪ್ರಯತ್ನವಾಗಿತ್ತು ಎಂದು ಅವರೇ ಬರೆದರು.

ಲೆಕ್ಕಪರಿಶೋಧನಾ ಸಮಿತಿಗೆ ಇದು ಗೊತ್ತಾಗಬಹುದಿತ್ತೇ? ಠೇವಣಿ ಇದೆಯೇ ಎಂಬುದನ್ನು ಕಂಪನಿ ತಂದುಕೊಟ್ಟ ಕಾಗದದಿಂದಲ್ಲ, ನೇರವಾಗಿ ಬ್ಯಾಂಕಿನಿಂದಲೇ ತಿಳಿಯಬೇಕು. ಆಡಿಟರ್ ಆ ಪತ್ರವನ್ನು ಹೇಗೆ ಪಡೆದರು ಎಂದು ಕೇಳುವ ಹಕ್ಕು ಸಮಿತಿಗಿದೆ. ಬಂದ ಬಡ್ಡಿ ಯಾವ ಖಾತೆಗೆ ಜಮೆಯಾಯಿತು ಎಂಬ ಒಂದು ಪ್ರಶ್ನೆಯೂ ಸಾಕಷ್ಟು ಕೆಲಸ ಮಾಡುತ್ತದೆ.

2013ರ ಕಂಪನಿ ಕಾಯ್ದೆ ಪಟ್ಟಿಯಾದ ಕಂಪನಿಗಳ ಮಂಡಳಿಯಲ್ಲಿ ಮೂರನೇ ಒಂದರಷ್ಟು ಸ್ವತಂತ್ರ ನಿರ್ದೇಶಕರಿರಬೇಕೆಂದಿತು. ಐದೈದು ವರ್ಷಗಳ ಎರಡು ಅವಧಿ ಮುಗಿದರೆ ಅವರು ಬಿಡುವು ಪಡೆಯಲೇಬೇಕು. ಸೆಬಿ ನಿಯಮದಂತೆ ಲೆಕ್ಕಪರಿಶೋಧನಾ ಸಮಿತಿಯ ಮೂರನೇ ಎರಡರಷ್ಟು ಸದಸ್ಯರು ಸ್ವತಂತ್ರರಾಗಿರಬೇಕು. ಪ್ರವರ್ತಕರ ಸಂಬಂಧಿ ಕಂಪನಿಗಳೊಂದಿಗಿನ ವ್ಯವಹಾರಕ್ಕೆ ಸಮಿತಿಯ ಒಪ್ಪಿಗೆ ಬೇಕು. ಆದರೂ ಪ್ರವರ್ತಕರ ಕೈಯಲ್ಲಿ ಹೆಚ್ಚು ಷೇರಿರುವ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರ ಮೊದಲ ನೇಮಕ 2021ರ ಕೊನೆಯವರೆಗೆ ಅವರ ಮತದಿಂದಲೇ ಆಗುತ್ತಿತ್ತು.

ನಿಮ್ಮ ಬಳಿ ಷೇರಿದ್ದರೆ ವಾರ್ಷಿಕ ವರದಿಯಲ್ಲಿ ಸಂಬಂಧಿತ ವ್ಯಕ್ತಿಗಳೊಂದಿಗಿನ ವ್ಯವಹಾರದ ಟಿಪ್ಪಣಿಯನ್ನು ಓದಿ, ಬ್ಯಾಂಕ್ ಶಿಲ್ಕಿಗೆ ತಕ್ಕ ಬಡ್ಡಿ ಬಂದಿದೆಯೇ ನೋಡಿ.