ಎರಡನೇ ಸಬ್‌ನೆಟ್‌ಗೆ ಐಪಿ ವಿಳಾಸ ಸಿಗದಿದ್ದಾಗ

ನೆಟ್‌ವರ್ಕ್‌ಗೆ ಹೊಸದಾಗಿ ಸೇರಿದ ಕಂಪ್ಯೂಟರ್‌ಗೆ ಡಿಎಚ್‌ಸಿಪಿ ಸರ್ವರ್ ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಹಾಗಾಗಿ ಅದು ವಿಳಾಸ ಬೇಕೆಂಬ ಕೋರಿಕೆಯನ್ನು 255.255.255.255ಕ್ಕೆ, ಅಂದರೆ ತನ್ನ ಸಬ್‌ನೆಟ್‌ನಲ್ಲಿರುವ ಎಲ್ಲರಿಗೂ ಕಳಿಸುತ್ತದೆ. ಇಂಥ ಬ್ರಾಡ್‌ಕಾಸ್ಟನ್ನು ರೌಟರ್ ಆಚೆಗೆ ದಾಟಿಸುವುದಿಲ್ಲ.

ಒಂದು ಕಚೇರಿಯ ನೆಲಮಹಡಿಯ ಸಬ್‌ನೆಟ್ 192.168.10.0/24 ಎಂದುಕೊಳ್ಳೋಣ; ಸರ್ವರ್ 192.168.10.5 ಅಲ್ಲಿದೆ. ಮೊದಲ ಮಹಡಿಯದು 192.168.20.0/24. ಕೆಳಗೆ ಎಲ್ಲವೂ ಸರಿಯಿರುತ್ತದೆ. ಮೇಲಿನ ವಿಂಡೋಸ್ ಕಂಪ್ಯೂಟರ್‌ಗಳು ಮಾತ್ರ 169.254ರಿಂದ ಶುರುವಾಗುವ ವಿಳಾಸವನ್ನು ತಾವೇ ಇಟ್ಟುಕೊಳ್ಳುತ್ತವೆ. ಒಂದು ಕಂಪ್ಯೂಟರ್‌ಗೆ 192.168.20.50 ಎಂದು ಕೈಯಾರೆ ಕೊಟ್ಟು, ಗೇಟ್‌ವೇಯನ್ನೂ ನಮೂದಿಸಿದರೆ ಸರ್ವರ್‌ಗೆ ಪಿಂಗ್ ಹೋಗುತ್ತದೆ. ಹಾಗಾದರೆ ಕೇಬಲ್ಲಿನ ತಪ್ಪಲ್ಲ; ಕೋರಿಕೆಯನ್ನು ದಾಟಿಸುವ ರಿಲೇ ಇಲ್ಲ.

ಸಿಸ್ಕೊ ರೌಟರ್‌ನಲ್ಲಿ, ಮೊದಲ ಮಹಡಿಗೆ ಜೋಡಿಸಿದ ಇಂಟರ್‌ಫೇಸ್‌ಗೆ ಇದನ್ನು ಸೇರಿಸಬೇಕು:

```
interface GigabitEthernet0/1
 ip helper-address 192.168.10.5
```

ಸರ್ವರ್ ಇರುವ ಕಡೆಯ ಇಂಟರ್‌ಫೇಸ್‌ಗೆ ಸೇರಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಕೋರಿಕೆ ಬಂದು ತಲುಪುವುದು ಈ ಕಡೆಗೆ. ಈಗ ರೌಟರ್ ಕೋರಿಕೆಯಲ್ಲಿ ಆ ಇಂಟರ್‌ಫೇಸ್‌ನ ವಿಳಾಸ 192.168.20.1 ಅನ್ನು ಬರೆದು ನೇರವಾಗಿ ಸರ್ವರ್‌ಗೆ ಕಳಿಸುತ್ತದೆ. ಅದನ್ನು ನೋಡಿಯೇ ಸರ್ವರ್ ಯಾವ ಸಬ್‌ನೆಟ್‌ನ ವಿಳಾಸ ಕೊಡಬೇಕೆಂದು ನಿರ್ಧರಿಸುತ್ತದೆ. ಸರ್ವರ್‌ನಲ್ಲಿ 192.168.20.0ಕ್ಕೆ ವಿಳಾಸಗಳ ಪಟ್ಟಿಯನ್ನೇ ಮಾಡಿರದಿದ್ದರೆ, ರಿಲೇ ಇದ್ದರೂ ವಿಳಾಸ ಸಿಗುವುದಿಲ್ಲ.